ಕೊಡಗಿನಲ್ಲಿ ಎರಡು ವಾರ: 60 ಸಾವಿರ ಸಾಕಾಗತೈತೇನ್ರಿ?

ಹುಬ್ಬಳ್ಳಿಯಿಂದ ಕೇಳಿದವರು:
ಮಗಳ ಪಿಯು ಪರೀಕ್ಷೆ ಮುಗಿದ ಮ್ಯಾಲೆ ಏಪ್ರಿಲ್ ಮೊದಲ ಎರಡು ವಾರ ಕೊಡಗಿಗೆ ಹೋಗೋಣ ಅಂತ ಮಾಡೇವಿ. ನಾನು, ನಮ್ಮ ಮನೆಯವ್ರು, ಮಗಳು, ಅತ್ತಿಯವ್ರು. ಅತ್ತಿಯವ್ರಿಗೆ ಮೊಣಕಾಲು ನೋವು ಐತಿ. ಸ್ವಂತ ಗಾಡಿ ಇಲ್ಲ, ಮೈಸೂರಿನ ತನಕ ರೈಲು. ರೂಮಿಗೆ ದಿನಕ್ಕ 2,500, ಊಟಕ್ಕ ಸಾವಿರ, ರೈಲು 6,000, ಬಸ್ಸು 4,000, ಟಿಕೀಟು 1,500 ಹಿಡಿದ್ರ 58 ಸಾವಿರ ಆಗತೈತಿ. 60 ತಗೊಂಡು ಬಂದ್ರ ಸಾಕೇನು? ಏನೇನು ಬಿಟ್ಟೇನಿ ಹೇಳ್ರಿ.

ಬೆಂಗಳೂರಿನ ಒಬ್ಬರು:
ಮೇಡಂ, ಬಸ್ಸು ಆಟೋ ಅಂತ ಒದ್ದಾಡಬೇಡಿ. ಮೈಸೂರಲ್ಲೇ ಒಂದು ಕಾರು ಮಾತಾಡಿಕೊಂಡು ಹದಿನಾಲ್ಕು ದಿನ ಇಟ್ಟುಕೊಳ್ಳಿ. ಕಿಲೋಮೀಟರಿಗೆ 13 ರೂಪಾಯಿ ಅಂದುಕೊಳ್ಳಿ. ಕೊಡಗು ಎಷ್ಟು ದೊಡ್ಡದು? ಎಲ್ಲ ಸುತ್ತಿದರೂ 800 ಕಿಲೋಮೀಟರ್ ದಾಟಲ್ಲ. ಹತ್ತು ಸಾವಿರದ ಚಿಲ್ಲರೆಯಲ್ಲಿ ಮುಗೀತು. ಅತ್ತೆಯವರಿಗೂ ಆರಾಮು.

ಮಡಿಕೇರಿಯ ಟ್ಯಾಕ್ಸಿ ಚಾಲಕ:
ಸಾರ್, ಕಿಲೋಮೀಟರ್ ದರ ಸರಿ ಇದೆ, ಲೆಕ್ಕ ಸರಿ ಇಲ್ಲ. ಹೊರಗಡೆ ರಾತ್ರಿ ಉಳಿಯೋ ಬಾಡಿಗೆಗೆ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮಿನಿಮಮ್ ಇರುತ್ತೆ. ಕೆಲವರು 250 ಹಿಡಿತಾರೆ, ಕೆಲವರು 300. ನೀವು ರೂಮಲ್ಲಿ ಮಲಗಿ ಗಾಡಿ ಅಂಗಳದಲ್ಲಿ ನಿಂತಿದ್ದರೂ ಆ ಮಿನಿಮಮ್ ಕೊಡಲೇಬೇಕು. 300ಕ್ಕೆ 13 ಅಂದ್ರೆ 3,900, ಚಾಲಕನ ಬಾಟಾ 400 ಸೇರಿಸಿ. ದಿನಕ್ಕೆ 4,300. ಹದಿನಾಲ್ಕು ದಿನಕ್ಕೆ 60 ಸಾವಿರ ದಾಟುತ್ತೆ. ಅಕ್ಕನವರ ಪೂರ್ತಿ ದುಡ್ಡು ಗಾಡಿಗೇ ಹೋಯ್ತಲ್ಲ?

ಹಾಗಂತ ಕಾರು ತಗೋಬೇಡಿ ಅಂತ ನಾನು ಹೇಳಿದ್ರೆ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ. ಮೂರು ದಿನದ ಟ್ರಿಪ್ಪು, ದಿನಾ ಸುತ್ತಾಟ ಅಂದ್ರೆ ಪೂರ್ತಿ ಕಾರೇ ಒಳ್ಳೇದು. ಎರಡು ವಾರ ನಿಧಾನಕ್ಕೆ ಇರೋರಿಗೆ ಸುತ್ತೋ ದಿನ ಮಾತ್ರ ಲೋಕಲ್ ಗಾಡಿ ಹಿಡಿಯೋದು ಲೆಕ್ಕಕ್ಕೆ ಬರುತ್ತೆ. ನಮ್ಮ ಸ್ಟ್ಯಾಂಡಿನಲ್ಲಿ ಜಾಗಕ್ಕೆ ಇಷ್ಟು ಅಂತ ಮಾತಾಡ್ತೇವೆ, ಕಿಲೋಮೀಟರ್ ನೋಡಲ್ಲ. ಒಂದು ಮಾತ್ರ ನೆನಪಿಡಿ. ಇಲ್ಲಿ ಒಂದು ಕಡೆ ಬಿಟ್ಟು ಬರೋ ಬಾಡಿಗೆ ಅಂದ್ರೂ ಹೋಗಿ ಬರೋ ಬಾಡಿಗೆನೇ. ಕಕ್ಕಬ್ಬೆಗೋ ಕುಟ್ಟಕ್ಕೋ ನಿಮ್ಮನ್ನು ಇಳಿಸಿದರೆ ವಾಪಸ್ ಬರೋಕೆ ನಮಗೆ ಗಿರಾಕಿ ಸಿಗಲ್ಲ, ಗಾಡಿ ಖಾಲಿ ಬರಬೇಕು. ಅದಕ್ಕೇ ಅರ್ಧ ದಾರಿಗೆ ಪೂರ್ತಿ ದುಡ್ಡಾ ಅಂತ ದಿನಾ ಜಗಳ.

ಶಿವಮೊಗ್ಗದ ಬೈಕ್ ಸವಾರ:
60 ಸಾವಿರನಾ? ನಾವಿಬ್ಬರು ಸ್ನೇಹಿತರು ಬೈಕಲ್ಲಿ ಹೋಗಿದ್ವಿ. ಪೆಟ್ರೋಲು, ರೂಮು, ಊಟ ಎಲ್ಲ ಸೇರಿ ತಲೆಗೆ ಎರಡು ಸಾವಿರ. ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ರಾತ್ರಿ ವಾಪಸ್. ಮಳೆಗಾಲದಲ್ಲಿ ಹೋಗಿ, ಅಬ್ಬಿ ಫಾಲ್ಸ್ ಸೂಪರ್.

ಹುಬ್ಬಳ್ಳಿ:
ಅಣ್ಣಾರ, ನಮ್ಮ ಅತ್ತಿಯವ್ರನ್ನ ಬೈಕಿನ ಮ್ಯಾಲೆ ಕುಂದ್ರಿಸಾಕ ಆಗಂಗಿಲ್ರಿ.

ಗೋಣಿಕೊಪ್ಪದ ನಿವೃತ್ತ ಬ್ಯಾಂಕ್ ನೌಕರ:
ನಿಮ್ಮ ಪಟ್ಟಿಯಲ್ಲಿ ರೂಮು, ಊಟ, ಬಸ್ಸು, ಟಿಕೆಟ್ ಅಂತ ಬಾಬ್ತುವಾರು ಬರೆದಿದ್ದೀರಿ. ಅದರಲ್ಲೇ ದುಡ್ಡು ಸೋರುವುದು. ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ನಾನು ಹೇಳುವುದು ಒಂದೇ: ದಿನವಾರು ಬರೆಯಿರಿ. ಬೆಳಿಗ್ಗೆ ರೂಮಿನ ಹೊಸ್ತಿಲು ದಾಟಿದಾಗಿನಿಂದ ರಾತ್ರಿ ಮತ್ತೆ ಅದೇ ಹೊಸ್ತಿಲು ತುಳಿಯುವವರೆಗೆ ಯಾವ ಯಾವ ಗಾಡಿ ಹತ್ತುತ್ತೀರಿ, ಯಾವ ಯಾವ ಗೇಟು ದಾಟುತ್ತೀರಿ, ಯಾರ ಯಾರ ಕೈಗೆ ಏನು ಕೊಡುತ್ತೀರಿ, ಈ ಮೂರನ್ನು ಬರೆದರೆ ಸಾಕು.

ತಲಕಾವೇರಿಯ ದಿನವನ್ನೇ ತಗೊಳ್ಳಿ. ದೇವಸ್ಥಾನ, ಟಿಕೆಟ್ ಇಲ್ಲ, ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಅದು ಸೊನ್ನೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮೇಲಕ್ಕೆ ಇನ್ನೂ 8. ಕಾರು ಹೋಗಿ, ಕಾದು, ಬರಲಿಕ್ಕೆ 3,000 ಹಿಡಿಯಿರಿ. ಕೆಳಗೆ ಸಂಗಮದಲ್ಲಿ ಪಾರ್ಕಿಂಗ್ 50. ಅತ್ತೆಯವರು ಬಂದ ಮೇಲೆ ಪೂಜೆ ಮಾಡಿಸದೆ ಇರುತ್ತಾರೆಯೇ? ಹಣ್ಣುಕಾಯಿ, ಕಾಣಿಕೆ, ತಟ್ಟೆಗೆ ದಕ್ಷಿಣೆ ಎಲ್ಲ ಸೇರಿ 400. ಸಂಜೆ ಚಾಲಕನ ಕೈಗೆ 150. ಸೊನ್ನೆ ಅಂತ ಬರೆದ ದಿನ 3,600 ಆಯಿತು, ಊಟ ಕಾಫಿ ಬಿಟ್ಟು.

ಅದೇ ಭಾಗಮಂಡಲಕ್ಕೆ ಬಸ್ಸಿನಲ್ಲಿ ಹೋಗಿ, ಮೇಲಕ್ಕೆ ಮಾತ್ರ ಆಟೋನೋ ಜೀಪೋ ಹಿಡಿದರೆ ಸಾವಿರದೊಳಗೆ ಮುಗಿಯಬಹುದು. ಆದರೆ ಮಧ್ಯಾಹ್ನದ ಮೇಲೆ ವಾಪಸ್ ಬಸ್ಸಿನ ಹೊತ್ತಿಗೆ ಕಟ್ಟುಬೀಳಬೇಕು. ಮೇಲೆ ಮೆಟ್ಟಿಲೂ ಇದೆ. ಮೊಣಕಾಲು ನೋವಿನವರು ಬಸ್‌ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕೂತರೆ ಮರುದಿನ ರೂಮಿನಲ್ಲೇ. ಆ ದಿನಕ್ಕೆ ಕಾರು ಇರಲಿ, ಉಳಿತಾಯ ಬೇರೆ ಕಡೆ ಮಾಡೋಣ.

ಸೋಮವಾರಪೇಟೆಯ ಶಿಕ್ಷಕಿ:
ಬಸ್ಸಿಗೆ 4,000 ಯಾಕೆ ಇಟ್ಟಿದ್ದೀರಿ? ನಾಲ್ಕು ಜನರಲ್ಲಿ ಮೂವರು ಹೆಂಗಸರು, ಶಕ್ತಿ ಯೋಜನೆಯಲ್ಲಿ ಫ್ರೀ. ನಿಮ್ಮ ಯಜಮಾನರ ಟಿಕೆಟ್ ಒಂದೇ. ಕೊಡಗೆಲ್ಲ ಬಿಟ್ಟಿಯಾಗಿ ಸುತ್ತಬಹುದು.

ಗೋಣಿಕೊಪ್ಪ:
ಟೀಚರೇ, ಮೈಸೂರಿನಿಂದ ಕುಶಾಲನಗರ, ಅಲ್ಲಿಂದ ಮಡಿಕೇರಿ, ವಾಪಸ್ ವಿರಾಜಪೇಟೆಯಿಂದ ಮೈಸೂರು, ಇಲ್ಲೆಲ್ಲ ನಿಮ್ಮ ಮಾತು ನಿಜ. ಸರ್ಕಾರಿ ಬಸ್ಸು, ಅದೂ ಸಾಮಾನ್ಯ ಮತ್ತು ವೇಗದೂತ ಆಗಿರಬೇಕು. ರಾಜಹಂಸ, ಐರಾವತಕ್ಕೆ ಇಲ್ಲ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಮೂವರ ಕೈಯಲ್ಲೂ ಇರಬೇಕು. ನಮ್ಮ ಒಳದಾರಿಗಳಲ್ಲಿ ಓಡುವುದು ಬಹುಪಾಲು ಪ್ರೈವೇಟ್ ಬಸ್ಸು, ಅಲ್ಲಿ ಎಲ್ಲರಿಗೂ ಟಿಕೆಟ್. ಆ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಆಮೇಲಿನದೇ ನಿಜವಾದ ಖರ್ಚು.

ಕಕ್ಕಬ್ಬೆಯ ಹೋಂಸ್ಟೇಯವರು:
ಅಂಕಲ್ ಹೇಳಿದ "ಆಮೇಲಿನದು" ನಾನು ಹೇಳ್ತೇನೆ. ದಿನಾ ನೋಡೋದು ಅದನ್ನೇ.

ತೋಟದೊಳಗಿನ ಹೋಂಸ್ಟೇ ಅಂದ್ರೆ ಮುಖ್ಯರಸ್ತೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ. ಕೊನೆಯ ಏರಿನಲ್ಲಿ ಕಲ್ಲುದಾರಿ, ಕಾರು ಹತ್ತಲ್ಲ. ಕೆಳಗೆ ಕಾರು ನಿಲ್ಲಿಸಿ ನಮ್ಮ ಜೀಪಲ್ಲಿ ಬರಬೇಕು. ಕೆಲವರು ಪಿಕಪ್ ಫ್ರೀ ಕೊಡ್ತಾರೆ, ಕೆಲವರು ಒಂದು ಸಲಕ್ಕೆ 500, 600 ತಗೊಳ್ತಾರೆ. ಬಂದ ದಿನ ಒಂದು, ಹೋಗೋ ದಿನ ಒಂದು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ನಡುವೆ ದಿನಾ ಹೊರಗೆ ಸುತ್ತೋಕೆ ಹೋದರೆ ದಿನಾ ಇಳಿಬೇಕು, ದಿನಾ ಹತ್ತಬೇಕಲ್ಲ? ಅದನ್ನು ಯಾರೂ ಕೇಳೋದಿಲ್ಲ. ಹಾಗಾಗಿ ತೋಟದ ಮನೆಗೆ ಬಂದ್ರೆ ತೋಟದಲ್ಲೇ ಇರಿ. ಸುತ್ತೋ ದಿನಗಳನ್ನು ಪೇಟೆಯಲ್ಲಿ ಉಳಿದಾಗ ಇಟ್ಟುಕೊಳ್ಳಿ.

ರೂಮಿಗೆ 2,500 ಅಂದಿದ್ದೀರಿ. ಅದು ಇಬ್ಬರಿಗೆ. ನೀವು ನಾಲ್ವರೂ ದೊಡ್ಡವರೇ. ಪಿಯು ಮುಗಿಸಿದ ಮಗಳಿಗೆ ಮಕ್ಕಳ ರೇಟು ಯಾರೂ ಹಾಕಲ್ಲ. ಹೋಂಸ್ಟೇಗಳಲ್ಲಿ ರೂಮಿಗಿಂತ ತಲೆಗೆ ಇಷ್ಟು ಅಂತ ಹೇಳೋದು ಜಾಸ್ತಿ. ಬೆಳಗಿನ ತಿಂಡಿ, ರಾತ್ರಿ ಊಟ ಸೇರಿ ತಲೆಗೆ 1,500 ಅಂದ್ರೆ ನಿಮಗೆ ದಿನಕ್ಕೆ 6,000. ಜಾಸ್ತಿ ಕಾಣುತ್ತೆ, ಆದರೆ ಎರಡು ಹೊತ್ತಿನ ಊಟ ಕಳೆದು ನೋಡಿ. ನೀವು ಸಸ್ಯಾಹಾರಿಗಳಾದರೆ ಮೊದಲೇ ಹೇಳಿ. ಕಡಂಬುಟ್ಟಿಗೆ ನಮ್ಮ ಕಡೆ ಪಂದಿ ಕರಿ ಜೋಡಿ, ಹೇಳಿದ್ದರೆ ನಿಮಗೆ ಬೇರೆ ಪಲ್ಯ ಮಾಡಿಡ್ತೇವೆ. ಅಕ್ಕಿ ಒಟ್ಟಿ, ನೂಪುಟ್ಟು ಅಂತೂ ಅತ್ತೆಯವರಿಗೆ ಹಿಡಿಸುತ್ತೆ. ಜೋಳದ ರೊಟ್ಟಿ ಮಾತ್ರ ಕೇಳಬೇಡಿ!

ಬುಕ್ ಮಾಡುವಾಗ ಫೋನಲ್ಲಿ ಹೀಗೆ ಕೇಳಿ: ರೇಟು ರೂಮಿಗಾ ತಲೆಗಾ, ಯಾವ ಊಟ ಸೇರಿದೆ, ಕಾರು ಬಾಗಿಲ ತನಕ ಬರುತ್ತಾ, ಜೀಪಿಗೆ ಸಲಕ್ಕೆ ಎಷ್ಟು, ಶುಕ್ರವಾರ ಶನಿವಾರ ಬೇರೆ ರೇಟಾ, ಕ್ಯಾಂಪ್‌ಫೈರ್ ಸೇರಿದೆಯಾ. ನಿಮ್ಮ ಜೊತೆ ಚಾಲಕ ಉಳಿದರೆ ಅವರ ಊಟ, ಮಲಗೋ ಜಾಗಕ್ಕೆ ದುಡ್ಡು ಇದೆಯಾ ಅಂತಲೂ ಕೇಳಿ. ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬರೆದು ಕೊಡೋಕೆ ಹಿಂಜರಿಯುವವರ ಹತ್ತಿರ ಬುಕ್ ಮಾಡಬೇಡಿ.

ಬೆಂಗಳೂರು:
ಆಪ್‌ನಲ್ಲಿ ಬುಕ್ ಮಾಡಿದ್ರೆ ಎಲ್ಲ ಕ್ಲಿಯರ್ ಇರುತ್ತಲ್ಲ? ಅದಕ್ಕೆ ಇಷ್ಟೆಲ್ಲ ಫೋನು ಯಾಕೆ?

ಕಕ್ಕಬ್ಬೆ:
ರೂಮಿನ ರೇಟು ಕ್ಲಿಯರ್ ಇರುತ್ತೆ, ಜೀಪು ಇರಲ್ಲ. ಇನ್ನೊಂದು, ಮೊದಲ ಪುಟದಲ್ಲಿ ಕಾಣೋ ರೇಟಿಗೂ ಕೊನೆಗೆ ಕಟ್ಟೋ ರೇಟಿಗೂ ತೆರಿಗೆ, ಸೇವಾಶುಲ್ಕದ ವ್ಯತ್ಯಾಸ ಇರುತ್ತೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರ ಒಳಗಿನ ರೂಮಿಗೆ ಜಿಎಸ್‌ಟಿ ಶೇ. 5 ಆಗಿದೆ, ಮೊದಲು 12 ಇತ್ತು. ನಮ್ಮಂಥ ಸಣ್ಣವರಲ್ಲಿ ನೋಂದಣಿ ಇಲ್ಲದವರೇ ಬಹಳ, ನೇರ ಬಂದವರಿಗೆ ಆ ತೆರಿಗೆ ಹಾಕೋಕೆ ಬರಲ್ಲ. ಅದೇ ಮನೆಯನ್ನು ಆಪ್ ಮೂಲಕ ತಗೊಂಡ್ರೆ ತೆರಿಗೆ ಬೀಳುತ್ತೆ. ಮೂರ್ನಾಲ್ಕು ರಾತ್ರಿ ಇರೋರಿಗೆ ಇದು ಸಾವಿರದ ಮಾತು. ಆಪ್‌ನಲ್ಲಿ ನೋಡಿ, ಆಮೇಲೆ ಒಂದು ಫೋನ್ ಮಾಡಿ ಅಷ್ಟೇ.

ಹುಬ್ಬಳ್ಳಿ:
ಅಕ್ಕಾರ, ಟಿಪ್ಸ್ ವಿಚಾರ ನಮಗ ತಿಳಿಯವಲ್ದು. ಹೋಂಸ್ಟೇ ಮನಿಯವ್ರಿಗೆ ಕೊಡಬೇಕೇನು? ಕೊಟ್ರ ಬ್ಯಾಸರ ಮಾಡ್ಕೋತಾರೇನು?

ಕಕ್ಕಬ್ಬೆ:
ನಮಗೆ ಕೊಡಬೇಡಿ, ನಿಜವಾಗಿಯೂ ಮುಜುಗರ ಆಗುತ್ತೆ. ಅಡುಗೆಗೆ ಬರೋ ಅಕ್ಕ, ರೂಮು ಗುಡಿಸೋರು, ರಾತ್ರಿ ಬೆಂಕಿ ಹಾಕೋ ಹುಡುಗ, ಇವರಿಗೆ ಹೋಗೋ ದಿನ ಕೈಯಲ್ಲೇ ಕೊಡಿ. ನಾಲ್ಕು ದಿನ ಇದ್ದರೆ ಎಲ್ಲರಿಗೂ ಸೇರಿ 800 ಚೆನ್ನಾಗೇ ಆಯ್ತು. ಬಿಲ್ಲಿನ ಜೊತೆ ನನ್ನ ಫೋನ್‌ಪೇಗೆ ಹಾಕಿ "ಅವರಿಗೆ ಕೊಡಿ" ಅನ್ನಬೇಡಿ. ನಾನು ಕೊಟ್ಟರೂ ಅವರಿಗೆ ಅದು ಸಂಬಳದ ಹಾಗೇ ಕಾಣುತ್ತೆ.

ಮಡಿಕೇರಿ ಚಾಲಕ:
ಚಾಲಕರದ್ದೂ ಹೇಳಿಬಿಡ್ತೇನೆ. ಬಾಟಾ ಟಿಪ್ಸ್ ಅಲ್ಲ, ಅದು ಬಾಡಿಗೆಯ ಭಾಗ. ಬಾಟಾ ಇರೋ ದಿನ ಟಿಪ್ಸ್ ಕೊಡಲೇಬೇಕು ಅಂತ ಇಲ್ಲ. ಲೋಕಲ್ ಒಂದು ದಿನದ ಬಾಡಿಗೆಗೆ ಬಾಟಾ ಇರಲ್ಲ, ಆಗ ನೂರು ನೂರೈವತ್ತು ಕೊಟ್ಟರೆ ಖುಷಿ. ಮಧ್ಯಾಹ್ನ ಜೊತೆಗೆ ಊಟಕ್ಕೆ ಕರೆದರೆ ಅದೇ ದೊಡ್ಡದು.

ಸೋಮವಾರಪೇಟೆ:
ಊಟಕ್ಕೆ ಕರೆದರೆ ಚಾಲಕರು ತಮಗೆ ಗೊತ್ತಿರೋ ಹೋಟೆಲಿಗೇ ಕರೆದುಕೊಂಡು ಹೋಗ್ತಾರೆ, ಆಮೇಲೆ ಮಸಾಲೆ ಅಂಗಡಿಗೆ. ಏಲಕ್ಕಿ, ಜೇನು, ಕಾಫಿಪುಡಿ ಅಂತ ಎರಡು ಸಾವಿರ ಬಿಟ್ಟು ಬರ್ತೀರಿ. ಅಂಗಡಿಯವರು ಚಾಲಕರಿಗೆ ಕಮಿಷನ್ ಕೊಡೋದು ಊರಿಗೆಲ್ಲ ಗೊತ್ತು.

ಮಡಿಕೇರಿ ಚಾಲಕ:
ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಟೀಚರ್. ಕೆಲವರು ಮಾಡ್ತಾರೆ, ಇಲ್ಲ ಅನ್ನಲ್ಲ. ಅಂಗಡಿ ಬೇಡ ಅಂತ ಬೆಳಿಗ್ಗೆನೇ ಹೇಳಿದರೆ ಯಾರೂ ಎಳೆದುಕೊಂಡು ಹೋಗಲ್ಲ.

ಕಕ್ಕಬ್ಬೆ:
ಟೀಚರ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಹೋಂಸ್ಟೇಗೆ ಗಿರಾಕಿ ತಂದರೂ ಕೇಳೋರು ಇದ್ದಾರೆ. ಈ ಜಗಳ ಇವತ್ತಿಗೆ ಮುಗಿಯಲ್ಲ, ಬಿಡಿ.

ಹುಬ್ಬಳ್ಳಿ:
ಟಿಕೀಟಿಗೆ 1,500 ಹಿಡಿದದ್ದು ಕಡಿಮಿ ಆತೇನು?

ಗೋಣಿಕೊಪ್ಪ:
ಟಿಕೆಟ್ ಅನ್ನುವುದೇ ಸಣ್ಣ ಮೊತ್ತ. ರಾಜಾಸೀಟ್, ಅಬ್ಬಿ, ನಿಸರ್ಗಧಾಮ, ಇರ್ಪು, ಇವುಗಳ ಗೇಟಿನಲ್ಲಿ ನಾಲ್ಕು ಜನಕ್ಕೆ ಕೊಡುವುದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಗೇಟಿನ ಆಚೆ ಈಚೆ ಇರುವುದನ್ನು ನೋಡಿ. ದುಬಾರೆಯಲ್ಲಿ ನದಿ ದಾಟುವ ದೋಣಿಗೆ ಒಂದು ದುಡ್ಡು, ಆಚೆ ದಡದ ಆನೆ ಕ್ಯಾಂಪಿಗೆ ಇನ್ನೊಂದು, ಈಚೆ ಪಾರ್ಕಿಂಗಿಗೆ ಮತ್ತೊಂದು. ಆನೆಗಳ ಸ್ನಾನ ನೋಡಬೇಕೆಂದರೆ ಬೆಳಿಗ್ಗೆ ಹೋಗಬೇಕು, ತಡವಾಗಿ ಹೋದರೆ ದೋಣಿಯ ದುಡ್ಡು ಬರೀ ದೋಣಿಗೇ ಆಗುತ್ತದೆ. ಬೈಲುಕುಪ್ಪೆಯ ಸ್ವರ್ಣಮಂದಿರಕ್ಕೆ ಪ್ರವೇಶ ಉಚಿತ. ಅದು ಮೈಸೂರು ಜಿಲ್ಲೆಗೆ ಸೇರಿದ್ದರೂ ಕುಶಾಲನಗರದಿಂದ ಹೊಳೆ ದಾಟಿದರೆ ಅಲ್ಲೇ. ಕುಶಾಲನಗರದಲ್ಲಿ ಉಳಿದಾಗಲೇ ಮುಗಿಸಿಕೊಳ್ಳಿ. ಮಡಿಕೇರಿಗೆ ಹೋದ ಮೇಲೆ ಅದಕ್ಕಾಗಿ ಮತ್ತೆ ಮೂವತ್ತು ಕಿಲೋಮೀಟರ್ ಇಳಿದು ಬರುವವರನ್ನು ಬೇಕಾದಷ್ಟು ನೋಡಿದ್ದೇನೆ.

ಏಪ್ರಿಲ್ ಅಂದಿರಿ. ಅಬ್ಬಿಯಲ್ಲೂ ಇರ್ಪಿನಲ್ಲೂ ಆಗ ನೀರು ಸಣಕಲು. ಟಿಕೆಟ್ ದರ ಮಳೆಗಾಲದ್ದೇ! ಎರಡರಲ್ಲಿ ಒಂದು ನೋಡಿದರೆ ಸಾಕು. ತಡಿಯಂಡಮೋಳ್ ಹತ್ತುವ ಆಸೆ ಮಗಳಿಗೆ ಇದ್ದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯಕ್ಕೆ ದಾರಿ ಮುಚ್ಚುವುದೂ ಉಂಟು. ತೆರೆದಿದೆಯೋ ಇಲ್ಲವೋ ಅಂತ ನೋಡಿಕೊಂಡು ಆ ದಿನದ ಖರ್ಚು ಬರೆಯಿರಿ.

ಮಡಿಕೇರಿ ಚಾಲಕ:
ಮಾಂದಲಪಟ್ಟಿ ಬಿಟ್ಟುಬಿಟ್ರಿ ಸಾರ್. ಅಲ್ಲಿಗೆ ಜೀಪೇ ಬೇಕು. ರೇಟು ಜೀಪಿಗೆ, ತಲೆಗಲ್ಲ. ಇಬ್ಬರು ಕೂತರೂ ಆರು ಜನ ಕೂತರೂ ಒಂದೇ. ಮಡಿಕೇರಿ ಪೇಟೆಯಿಂದ ಹತ್ತಿದರೆ 2,000 ಹಿಡಿಯಿರಿ, ಮೇಲಿನ ಚೆಕ್‌ಪೋಸ್ಟ್ ಹತ್ತಿರ ಹೋಗಿ ಹತ್ತಿದರೆ ಕಡಿಮೆ, ಆದರೆ ಅಲ್ಲಿಯ ತನಕ ಇನ್ನೊಂದು ಗಾಡಿ ಬೇಕಲ್ಲ? ಅರಣ್ಯ ಇಲಾಖೆ ಗೇಟಿನ ಟಿಕೆಟ್ ಜೀಪ್ ಬಾಡಿಗೆಯಲ್ಲಿ ಸೇರಿದೆಯಾ ಅಂತ ಹತ್ತೋಕೆ ಮುಂಚೆ ಕೇಳಿ. ಇಳಿದ ಮೇಲೆ ಕೇಳಿದರೆ ಸೇರಿರಲ್ಲ. ಅಜ್ಜಿಯವರನ್ನು ಕರೆದುಕೊಂಡು ಹೋಗಬೇಡಿ, ಆ ದಾರಿ ಸೊಂಟ ಮುರಿಯುತ್ತೆ.

ಹುಬ್ಬಳ್ಳಿ:
ಅಂದ್ರ ಒಟ್ಟು ಎಷ್ಟು ಆಗತೈತ್ರಿ? ತಲಿ ತಿರಗಾಕ ಹತ್ತೇತಿ.

ಗೋಣಿಕೊಪ್ಪ:
ಕೂತು ಹಾಕಿದ್ದೇನೆ, ನೋಡಿ. ದರಗಳು ನಾನು ಈಗ ವಿಚಾರಿಸಿದ ಅಂದಾಜು. ವಾರಾಂತ್ಯದ ಏರಿಕೆ ಇದರಲ್ಲಿ ಇಲ್ಲ.

ದಿನಕ್ಕೊಂದು ಊರು ಬೇಡ, ಮೂರೇ ಕಡೆ ಉಳಿಯಿರಿ. ಕುಶಾಲನಗರದ ಲಾಡ್ಜಿನಲ್ಲಿ ನಾಲ್ವರ ಫ್ಯಾಮಿಲಿ ರೂಮು, 2,800ರಂತೆ ಮೂರು ರಾತ್ರಿ. ಮಡಿಕೇರಿಯಲ್ಲಿ ಎರಡು ಕೋಣೆ, ಸಣ್ಣ ಅಡುಗೆಮನೆ ಇರುವ ಮನೆ, 3,000ದಂತೆ ಆರು ರಾತ್ರಿ. ಕಕ್ಕಬ್ಬೆ ಕಡೆ ತೋಟದ ಹೋಂಸ್ಟೇ ನಾಲ್ಕು ರಾತ್ರಿ, ಆ ಅಮ್ಮ ಹೇಳಿದ 6,000ದ ಲೆಕ್ಕ. ವಸತಿಗೆ 50,400 ಆಯಿತು. ಊಟ, ತಿಂಡಿ, ಕಾಫಿಗೆ ಪೇಟೆಯಲ್ಲಿ ನಾಲ್ವರಿಗೆ ದಿನಕ್ಕೆ 1,400 ಬೇಕು, ಸಾವಿರಕ್ಕೆ ಆಗುವುದಿಲ್ಲ. ತೋಟದಲ್ಲಿದ್ದಾಗ ಮಧ್ಯಾಹ್ನದ್ದು ಮಾತ್ರ, 600. ಹತ್ತು ದಿನ ಪೇಟೆ, ನಾಲ್ಕು ದಿನ ತೋಟ ಅಂದರೆ 16,400.

ಈಗ ನೀವು ಬಿಟ್ಟಿದ್ದು. ಊರಿಂದ ಊರಿಗೆ ಸಾಮಾನು ಹೊತ್ತು ಹೋಗುವುದು ಒಂದು ಬಾಬ್ತು. ಯಜಮಾನರ ಬಸ್ ಟಿಕೆಟ್‌ಗಳು 600, ಬಸ್‌ಸ್ಟ್ಯಾಂಡಿನಿಂದ ರೂಮಿಗೆ, ರೂಮಿನಿಂದ ಬಸ್‌ಸ್ಟ್ಯಾಂಡಿಗೆ ಆಟೋ ಎಂಟು ಸಲ, ಒಟ್ಟು 1,200. ಮಡಿಕೇರಿಯಿಂದ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಕಾರು 2,000, ತೋಟದ ಜೀಪು ಹತ್ತಲು ಇಳಿಯಲು 1,200, ಕಕ್ಕಬ್ಬೆಯಿಂದ ವಿರಾಜಪೇಟೆಗೆ ಕಾರು 1,300. ಬರೀ ಜಾಗ ಬದಲಿಸುವುದಕ್ಕೇ 6,300 ಹೋಯಿತು, ಇನ್ನೂ ಏನೂ ನೋಡಿಲ್ಲ.

ನೋಡುವುದಕ್ಕೆ ಹೋಗುವ ಗಾಡಿ ಬೇರೆ. ಕುಶಾಲನಗರದಲ್ಲಿ ಆಟೋ ಎರಡು ದಿನ, 1,900. ತಲಕಾವೇರಿ 3,000. ಮಡಿಕೇರಿ ಪೇಟೆ ಮತ್ತು ಅಬ್ಬಿ 800, ಮಾಂದಲಪಟ್ಟಿ ಜೀಪು 2,000. ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆ, ಚೇಲಾವರ ಜೀಪಿನಲ್ಲಿ 1,800. ಕುಟ್ಟ, ಇರ್ಪು ಕಡೆ ಒಂದು ದಿನ ಕಾರು 3,800. ಒಟ್ಟು 13,300. ನಿಮ್ಮ ಪಟ್ಟಿಯಲ್ಲಿ ಈ ಸಾಲೇ ಇರಲಿಲ್ಲ.

ಟಿಕೆಟ್, ದೋಣಿ, ಪಾರ್ಕಿಂಗ್ 2,500. ಕೈಗೆ ಕೊಡುವುದು, ಪೂಜೆಯದೂ ಸೇರಿ 3,200. ಬಟ್ಟೆ ಒಗೆಸುವುದು, ಒಂದು ಕ್ಯಾಂಪ್‌ಫೈರ್, ತಿರುವಿನಲ್ಲಿ ವಾಂತಿ ಬರುವವರಿಗೆ ಮಾತ್ರೆ, ಅದೂ ಇದೂ 2,100. ರೈಲು ನಿಮ್ಮದೇ 6,000. ಎಲ್ಲ ಕೂಡಿಸಿದರೆ 1,00,200. ಮೇಲೆ ಒಂದು 8,000 ಮುಟ್ಟದೆ ಇಟ್ಟುಕೊಳ್ಳಿ. ಕಾಫಿಪುಡಿ, ಜೇನಿನ ದುಡ್ಡು ಇದರಲ್ಲಿ ಸೇರಿಲ್ಲ, ಅದು ನಿಮ್ಮ ಅತ್ತೆಯವರ ಮರ್ಜಿ.

ಹುಬ್ಬಳ್ಳಿ:
ಅಯ್ಯ ಶಿವನ! 60 ಎಲ್ಲೆ, ಲಕ್ಷ ಎಲ್ಲೆ. ನಮ್ಮ ಕೈಯಾಗ 85ರ ತನಕ ಆಗಬಹುದು, ಅದಕ್ಕಿಂತ ಹೆಚ್ಚಿಗಿ ಆಗಂಗಿಲ್ರಿ.

ಗೋಣಿಕೊಪ್ಪ:
ಹಾಗಾದರೆ ಮೊದಲು ಕುಟ್ಟದ ದಿನ ಹೊಡೆದು ಹಾಕಿ. ಏಪ್ರಿಲಿನ ಇರ್ಪಿಗೆ 3,800ರ ಕಾರು ದುಂದು. ತೋಟದ ನಾಲ್ಕು ರಾತ್ರಿಯನ್ನು ಎರಡಕ್ಕೆ ಇಳಿಸಿ, ಒಟ್ಟು ಪ್ರವಾಸವನ್ನೇ ಎರಡು ದಿನ ಕಡಿಮೆ ಮಾಡಿ, ವಸತಿ ಊಟದಲ್ಲಿ 13,200 ಉಳಿಯಿತು. ಮಾಂದಲಪಟ್ಟಿಗೆ ಇನ್ನೊಂದು ಸಂಸಾರ ಸಿಕ್ಕಿ ಜೀಪು ಹಂಚಿಕೊಂಡರೆ ಇನ್ನೊಂದು ಸಾವಿರ. 82,200ಕ್ಕೆ ಬಂತು. ಆದರೆ ಮುಟ್ಟದೆ ಇಟ್ಟುಕೊಳ್ಳಿ ಅಂದೆನಲ್ಲ, ಆ ದುಡ್ಡು ಮೂರು ಸಾವಿರವೂ ಉಳಿಯುವುದಿಲ್ಲ, ಅದು ಸಾಲದು.

ಕಕ್ಕಬ್ಬೆ:
ಅಂಕಲ್, ನಮ್ಮ ಹೊಟ್ಟೆಗೇ ಕತ್ತರಿ ಹಾಕಿದ್ರಲ್ಲ! ಮಡಿಕೇರಿಯ ಆರು ರಾತ್ರಿ ಯಾಕೆ ಬೇಕು? ಅಲ್ಲಿ ನೋಡೋದು ಮೂರು ದಿನದ್ದು. ನನಗೆ ಕೇಳಿದರೆ ಮಡಿಕೇರಿಯಿಂದಲೇ ಎರಡು ರಾತ್ರಿ ತೆಗೀರಿ.

ಗೋಣಿಕೊಪ್ಪ:
ಮಡಿಕೇರಿಯ ರಾತ್ರಿ 3,000, ನಿಮ್ಮದು 6,000. ಲೆಕ್ಕ ಅದನ್ನೇ ಹೇಳುತ್ತದೆ. ಊಟ ಕಳೆದರೂ ವ್ಯತ್ಯಾಸ ದಿನಕ್ಕೆ ಎರಡು ಸಾವಿರದ ಮೇಲೆ ಇದೆ. ಅಲ್ಲಿ ಅಡುಗೆಮನೆಯೂ ಇದೆ, ಬೆಳಿಗ್ಗೆ ಉಪ್ಪಿಟ್ಟು ಅವರೇ ಮಾಡಿಕೊಂಡರೆ ಇನ್ನೂ ಉಳಿಯುತ್ತದೆ.

ಕಕ್ಕಬ್ಬೆ:
ಉಪ್ಪಿಟ್ಟು ತಿನ್ನೋಕೆ ಹುಬ್ಬಳ್ಳಿಯಿಂದ ಬರಬೇಕಾ? ಸರಿ, ನೇರ ಬುಕ್ ಮಾಡಿ ಸೋಮವಾರದಿಂದ ಗುರುವಾರದ ಒಳಗೆ ಬಂದ್ರೆ ತೋಟದ ಮನೆಗಳಲ್ಲಿ ತಲೆಗೆ ಇನ್ನೂರು ಮುನ್ನೂರು ಇಳಿಸೋರು ಇದ್ದಾರೆ. ಶುಕ್ರವಾರ ಶನಿವಾರ ಯಾರೂ ಇಳಿಸಲ್ಲ. ವಾರಾಂತ್ಯ ಎರಡೂ ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಬರೋ ಹಾಗೆ ದಿನ ಹೊಂದಿಸಿಕೊಳ್ಳಿ.

ಮಡಿಕೇರಿ ಚಾಲಕ:
ವಾರಾಂತ್ಯಕ್ಕೆ ಮಡಿಕೇರಿ ಬೇಡವೇ ಬೇಡ. ರೂಮಿನ ರೇಟು ನಮ್ಮಲ್ಲೇ ಹೆಚ್ಚು ಏರೋದು, ಟ್ರಾಫಿಕ್ಕಲ್ಲಿ ಅರ್ಧ ದಿನ ಹೋಗುತ್ತೆ. ಕುಶಾಲನಗರದಲ್ಲಿ ಇರಿ, ಭಾನುವಾರ ಸಂಜೆ ಮೇಲೆ ಬನ್ನಿ. ಇಳಿಯೋ ಬಸ್ಸು ತುಂಬಿರುತ್ತೆ, ಹತ್ತೋ ಬಸ್ಸು ಖಾಲಿ.

ಇನ್ನೊಂದು, ತೋಟದ ಕಡೆ ನೆಟ್‌ವರ್ಕ್ ಇರಲ್ಲ, ಫೋನ್‌ಪೇ ಸುತ್ತುತ್ತಲೇ ಇರುತ್ತೆ. ಜೀಪಿನವರಿಗೆ ನಗದು ಕೊಡೋಕೆ ಆಗದೆ ಎಟಿಎಂ ಹುಡುಕಿಕೊಂಡು ನಾಪೋಕ್ಲಿಗೆ ಬರೋ ಗಿರಾಕಿಗಳಿದ್ದಾರೆ, ಆ ಬಾಡಿಗೆಯೂ ನಮಗೇ. ಮಡಿಕೇರಿ ಬಿಡೋ ಮುಂಚೆ ನೂರು, ಇನ್ನೂರರ ನೋಟಲ್ಲಿ ಐದಾರು ಸಾವಿರ ತೆಗೆದಿಟ್ಟುಕೊಳ್ಳಿ ಅಕ್ಕ.

ಹುಬ್ಬಳ್ಳಿ:
ಮನ್ಯಾಗ ಕುಂತು ಮಾತಾಡಿದ್ವಿ. ಹನ್ನೆರಡು ದಿನ ಮಾಡೇವಿ, ಕುಟ್ಟ ಬ್ಯಾಡ. ತೋಟದ ಎರಡು ರಾತ್ರಿ ಮಂಗಳವಾರ, ಬುಧವಾರ. ಅತ್ತಿಯವ್ರು ಮಾಂದಲಪಟ್ಟಿ ದಿನ ರೂಮಿನ್ಯಾಗ ಇರ್ತೇನಿ ಅಂದ್ರು, ತಲಕಾವೇರಿಗೆ ಮಾತ್ರ ಕಾರೇ ಬೇಕಂತ. ನಮ್ಮ ಮನೆಯವ್ರು ಇನ್ನೂ ಬೆಂಗಳೂರಿನ ಅಣ್ಣಾರು ಹೇಳಿದಂಗ ಕಾರು ಮಾಡೋಣ ಅಂತಾರ. ಅವ್ರಿಗೆ ಮಿನಿಮಮ್ಮಿನ ಲೆಕ್ಕಾ ತೋರಿಸೇನಿ, ನಂಬವಲ್ರು.

ಬೆಂಗಳೂರು:
ಮಿನಿಮಮ್ ಇಲ್ಲದೆ ಕೊಡೋ ಪರಿಚಯದವರು ಸಿಕ್ಕರೆ? ನನ್ನ ಭಾವನಿಗೆ ಸಿಕ್ಕಿದ್ರು.

ಮಡಿಕೇರಿ ಚಾಲಕ:
ಸಿಕ್ಕರೆ ನನಗೂ ನಂಬರ್ ಕೊಡಿ ಸಾರ್, ಮಗಳ ಮದುವೆಗೆ ಗಾಡಿ ಬೇಕು. ಅಕ್ಕ, ತಲಕಾವೇರಿ ದಿನದ್ದು ಹಿಂದಿನ ಸಂಜೆ ಸ್ಟ್ಯಾಂಡಿಗೆ ಬಂದು ಮಾತಾಡಿ, ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಕಾಯೋದು ಎಷ್ಟು ಗಂಟೆ ಅಂತ ಆಗಲೇ ಕೇಳಿಕೊಳ್ಳಿ, ಆಮೇಲಿನ ಗಂಟೆಗೆ ಬೇರೆ ದುಡ್ಡು ಕೇಳ್ತಾರೆ.